ಈ ಬಾಗಿಲನ್ನು ನೀವು ನೋಡಿದ್ದೀರಿ: ಹೊಸ್ತಿಲ ಫೋಟೋದ ಸುತ್ತ ಒಂದು ಗೃಹಪ್ರವೇಶದ ಕರೆಯೋಲೆ

ಪ್ರಶ್ನೆ: ಹಾಸನದ ಸಾಲಗಾಮೆ ರಸ್ತೆಯ ಕಡೆ ಬಡಾವಣೆಯೊಂದರಲ್ಲಿ ಮನೆ ಕಟ್ಟಿಸಿದ್ದೇವೆ. ಫೆಬ್ರವರಿ 26, ಗುರುವಾರ ಗೃಹಪ್ರವೇಶ. ಮುಂಬಾಗಿಲಿನ ಫೋಟೋ ಮೇಲೆಯೇ ಆಹ್ವಾನ ಬರೆದು ವಾಟ್ಸ್ಆ್ಯಪ್‌ನಲ್ಲಿ ಕಳುಹಿಸೋಣ ಎಂದುಕೊಂಡೆವು. ಮನೆ ಪೂರ್ವಕ್ಕೆ ಮುಖ ಮಾಡಿದೆ. ಮಧ್ಯಾಹ್ನ ಮೂರು ಗಂಟೆಗೆ ತೆಗೆದ ಫೋಟೋದಲ್ಲಿ ಬಾಗಿಲು ಕಪ್ಪಾಗಿ ಬಂದಿದೆ, ಮೇಲೆ ಬರೆದ ಅಕ್ಷರ ನನ್ನ ತಾಯಿಗೆ ಓದಲಾಗುತ್ತಿಲ್ಲ. ಪ್ರವೇಶಕ್ಕೆ ಮೊದಲೇ ಬಾಗಿಲಿನ ಫೋಟೋ ಊರಿಗೆಲ್ಲ ಕಳುಹಿಸಿದರೆ ದೃಷ್ಟಿಯಾಗುತ್ತದೆ ಎಂದು ಅತ್ತೆಯವರಿಗೆ ಅಳುಕು. ಬರಹವೂ ಯಾವುದೋ ಪತ್ರಿಕೆಯಿಂದ ನಕಲು ಮಾಡಿದಂತಿದೆ, ನಾವೇ ಕರೆದಂತೆ ಅನ್ನಿಸುತ್ತಿಲ್ಲ. ಅಂದಹಾಗೆ, ಬಾಗಿಲು ಹೊಸದಲ್ಲ. ಅರಕಲಗೂಡು ಕಡೆಯ ನಮ್ಮ ಮಾವನವರ ಹಳೆಯ ಮನೆಯ ಹಲಸಿನ ಮರದ ಜೋಡಿ ಕದ. ಚೌಕಟ್ಟು ಸಮೇತ ತಂದು, ಪಾಲಿಶ್ ಮಾಡಿಸಿ ಕೂರಿಸಿದ್ದೇವೆ. ಫೋಟೋ, ಬರಹ ಎರಡನ್ನೂ ಲಗತ್ತಿಸಿದ್ದೇನೆ. ಏನು ಸರಿಪಡಿಸಬೇಕು?
— ಓದುಗರೊಬ್ಬರು, ಹಾಸನ

ಉತ್ತರ: ನಿಮ್ಮ ಪತ್ರದಲ್ಲಿ ‘ಅಂದಹಾಗೆ’ ಎಂದು ಕೊನೆಗೆ ಸೇರಿಸಿದ ಮಾತೇ ನಿಮ್ಮ ಆಹ್ವಾನದ ಮೊದಲ ಸಾಲಾಗಬೇಕು. ಹಾಸನದಲ್ಲಿ ಇಪ್ಪತ್ತಾರು ವರ್ಷಗಳಿಂದ ಆಹ್ವಾನ ಪತ್ರಿಕೆ ಮಾಡಿಕೊಡುತ್ತಿದ್ದೇನೆ. ಮೊದಲು ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದೆ, ಈಗ ಕಂಪ್ಯೂಟರಿನಲ್ಲಿ. ಮನೆಯ ಫೋಟೋ ಇರುವ ಆಹ್ವಾನಗಳು ನನ್ನ ಮೇಜಿಗೆ ಬೇಕಾದಷ್ಟು ಬರುತ್ತವೆ. ಬಹುತೇಕ ಎಲ್ಲದರಲ್ಲೂ ರಸ್ತೆಯ ಆಚೆ ನಿಂತು ತೆಗೆದ ಇಡೀ ಮನೆ, ಗೇಟು, ನೀರಿನ ತೊಟ್ಟಿ, ವಿದ್ಯುತ್ ತಂತಿ ಇರುತ್ತವೆ. ನೋಡಿದವರು ‘ಚೆನ್ನಾಗಿ ಕಟ್ಟಿಸಿದ್ದಾರೆ’ ಎನ್ನುತ್ತಾರೆ, ಅಷ್ಟೆ. ನಿಮ್ಮ ಬಾಗಿಲು ಹಾಗಲ್ಲ. ನಿಮ್ಮ ಮಾವನವರ ಕಡೆಯ ನೆಂಟರಲ್ಲಿ ಅದನ್ನು ದಾಟದವರೇ ಇರಲಾರರು. ಚಿಕ್ಕಂದಿನಲ್ಲಿ ಅದರ ಚಿಲಕ ಎಟುಕದೆ ತುದಿಗಾಲಲ್ಲಿ ನಿಂತವರು ಈಗ ಬೆಂಗಳೂರಿನಲ್ಲೋ ಸಕಲೇಶಪುರದಲ್ಲೋ ಇದ್ದಾರೆ. ಅವರಿಗೆ ಈ ಫೋಟೋ ಹೊಸ ಮನೆಯದ್ದಲ್ಲ, ಗುರುತಿನ ಬಾಗಿಲೊಂದು ಮತ್ತೆ ನಿಂತಿರುವ ಸುದ್ದಿ. ಆದ್ದರಿಂದ ಇಡೀ ಮನೆಯನ್ನು ಬಿಟ್ಟು, ಬಾಗಿಲು ಮತ್ತು ಹೊಸ್ತಿಲು ಇಷ್ಟನ್ನೇ ಹಿಡಿಯಿರಿ.

ಮೊದಲು ಅತ್ತೆಯವರ ಮಾತು. ಅದನ್ನು ಬಗೆಹರಿಸದೆ ಉಳಿದದ್ದಕ್ಕೆ ಕೈ ಹಾಕಬೇಡಿ. ನಾನು ಪುರೋಹಿತನಲ್ಲ, ದೃಷ್ಟಿ ಇದೆಯೋ ಇಲ್ಲವೋ ಎಂದು ತೀರ್ಪು ಕೊಡುವವನೂ ಅಲ್ಲ. ಆದರೆ ರೂಢಿಯನ್ನು ನೋಡಿದರೆ ನಮ್ಮ ಕಡೆ ದೃಷ್ಟಿಗೆ ಪರಿಹಾರವನ್ನು ಕಟ್ಟಡ ಏಳುವಾಗಲೇ ಮಾಡಿಕೊಂಡಿರುತ್ತಾರೆ: ಬೊಂಬೆ, ಬೂದುಗುಂಬಳಕಾಯಿ. ಇಡೀ ಕಟ್ಟಡ ತಿಂಗಳುಗಟ್ಟಲೆ ರಸ್ತೆಯವರ ಕಣ್ಣೆದುರು ಏಳುತ್ತದೆ, ಅದನ್ನು ಯಾರೂ ಮುಚ್ಚಿಡುವುದಿಲ್ಲ. ಬಾಗಿಲಿನ ಚೌಕಟ್ಟು ನಿಲ್ಲಿಸುವ ದಿನ ನೀವು ಪೂಜೆ ಮಾಡಿಯೇ ಇರುತ್ತೀರಿ. ಅರಿಶಿನ ಕುಂಕುಮ ಹಚ್ಚಿ, ಕೆಳಗೆ ನವಧಾನ್ಯವೋ ನಾಣ್ಯವೋ ಇಟ್ಟು ಕೂರಿಸಿರುತ್ತೀರಿ. ಅಂದರೆ ಇಡೀ ಮನೆಯಲ್ಲಿ ಈಗಾಗಲೇ ಪೂಜೆಗೊಂಡ ಭಾಗ ಈ ಬಾಗಿಲು. ಇದನ್ನು ಅತ್ತೆಯವರಿಗೆ ಹೇಳಿ ನೋಡಿ. ನನ್ನ ಅನುಭವದಲ್ಲಿ ಹಿರಿಯರ ಅಳುಕಿರುವುದು ಬಾಗಿಲಿನ ಬಗ್ಗೆ ಅಲ್ಲ, ದೀಪ ಹಚ್ಚುವ ಮೊದಲೇ ಮನೆಯ ಒಳಭಾಗವನ್ನು ನಾಲ್ಕು ಜನರಿಗೆ ತೋರಿಸುವ ಬಗ್ಗೆ. ಅಡುಗೆಮನೆ, ದೇವರ ಕೋಣೆಗಳ ಫೋಟೋ ಪ್ರವೇಶ ಆಗುವವರೆಗೆ ಯಾರಿಗೂ ಹೋಗದು ಎಂದು ಮಾತು ಕೊಡಿ.

ಇನ್ನೂ ಒಂದು ವಿಷಯವಿದೆ. ಅತ್ತೆಯವರು ಮದುಮಗಳಾಗಿ ಆ ಮನೆಗೆ ಕಾಲಿಟ್ಟದ್ದು, ಸೇರಕ್ಕಿ ಒದ್ದು ಒಳಗೆ ಬಂದದ್ದು, ಇದೇ ಹೊಸ್ತಿಲಿನಿಂದ ತಾನೆ? ಆ ಬಾಗಿಲಿನ ಮೇಲೆ ಅವರಿಗಿರುವಷ್ಟು ಹಕ್ಕು ನಿಮಗಾಗಲಿ ನನಗಾಗಲಿ ಇಲ್ಲ. ಫೋಟೋಗೆ ಮುನ್ನ ಹೊಸ್ತಿಲಿಗೆ ಅರಿಶಿನ ಬಳಿದು ರಂಗೋಲಿ ಹಾಕುವ ಕೆಲಸವನ್ನು ಅವರಿಗೇ ಒಪ್ಪಿಸಿ, ಕರೆಯೂ ಅವರ ಮತ್ತು ಮಾವನವರ ಹೆಸರಿನಿಂದಲೇ ಹೊರಡಲಿ. ಹಿರಿಯರ ಹೆಸರು ಮೊದಲು ಬರುವುದು ಪದ್ಧತಿಯೂ ಹೌದು. ಇಷ್ಟೆಲ್ಲ ಆದ ಮೇಲೂ ಅವರು ಬೇಡವೆಂದರೆ ಒತ್ತಾಯ ಮಾಡಬೇಡಿ. ಹೊಸ್ತಿಲ ರಂಗೋಲಿ ಮತ್ತು ಕದದ ಹಿತ್ತಾಳೆ ಬಳೆ ಇಷ್ಟನ್ನೇ ಹತ್ತಿರದಿಂದ ತೆಗೆದ ಚಿತ್ರವೂ ಆಹ್ವಾನಕ್ಕೆ ಸಾಕು. ಬಾಗಿಲು ಪೂರ್ತಿ ಕಾಣಿಸಲೇಬೇಕೆಂದಿಲ್ಲ, ಗುರುತಿರುವವರಿಗೆ ಬಳೆ ಕಂಡರೂ ಗೊತ್ತಾಗುತ್ತದೆ.

ಈಗ ಫೋಟೋ ಕಪ್ಪಾದ ಕಾರಣ. ಮೊಬೈಲ್ ಹಳೆಯದಾದ್ದರಿಂದ ಹೀಗಾಯಿತು ಎಂದು ಅನೇಕರು ಭಾವಿಸುತ್ತಾರೆ. ಅದಲ್ಲ. ಪೂರ್ವದ ಬಾಗಿಲಿಗೆ ಮಧ್ಯಾಹ್ನ ಮೂರು ಗಂಟೆಗೆ ಸೂರ್ಯ ಮನೆಯ ಹಿಂದೆ ಇರುತ್ತಾನೆ. ಮುಂಭಾಗ ಪೂರ್ತಿ ನೆರಳು, ಸೂರಿನ ಮೇಲೆ ಬೆಳ್ಳಗೆ ಹೊಳೆಯುವ ಆಕಾಶ. ಕ್ಯಾಮೆರಾ ಆಕಾಶದ ಬೆಳಕನ್ನು ಲೆಕ್ಕಕ್ಕೆ ತೆಗೆದುಕೊಂಡು ಇಡೀ ಚಿತ್ರವನ್ನು ಮಬ್ಬು ಮಾಡುತ್ತದೆ. ಅದರ ಜೊತೆಗೆ ನಿಮ್ಮದು ಹಲಸಿನ ಮರ. ಹೊಸದರಲ್ಲಿ ಹಳದಿಯಾಗಿರುವ ಹಲಸು ವರ್ಷ ಕಳೆದಂತೆ ಗಾಢ ಕಂದು ಬಣ್ಣಕ್ಕೆ ತಿರುಗುತ್ತದೆ, ಅದರ ಮೇಲೆ ಪಾಲಿಶ್ ಬಿದ್ದಿದೆ, ಸುತ್ತ ಬಿಳಿ ಗೋಡೆ. ಕಪ್ಪಾಗದೆ ಇನ್ನೇನಾಗುತ್ತದೆ! ಕಂಪ್ಯೂಟರಿನಲ್ಲಿ ಬೆಳಕು ಏರಿಸಿ ನೋಡಿದೆ. ಕದದ ಮೇಲೆ ಮರದ ಗೆರೆಗಳ ಬದಲು ಬೂದಿ ಎರಚಿದಂತೆ ಚುಕ್ಕೆಗಳು ಕಾಣಿಸಿದವು. ಆ ಚಿತ್ರವನ್ನು ಉಳಿಸಲು ಹೆಣಗಬೇಡಿ, ಬೇರೆ ತೆಗೆಯಿರಿ.

ಎರಡು ಹೊತ್ತುಗಳಲ್ಲಿ ತೆಗೆಯಬಹುದು. ಒಂದು, ಬೆಳಿಗ್ಗೆ. ಈ ತಿಂಗಳುಗಳಲ್ಲಿ ಹಾಸನದಲ್ಲಿ ಸೂರ್ಯ ಮೂಡುವುದು ಆರೂಮುಕ್ಕಾಲರ ಆಸುಪಾಸಿನಲ್ಲಿ. ಏಳು ಗಂಟೆ ದಾಟಿದ ಮೇಲೆ ಎಂಟರವರೆಗೆ ಎಳೆಬಿಸಿಲು ಸಜ್ಜದ ಅಡಿಯಿಂದ ತೂರಿ ನೇರ ಕದಕ್ಕೆ ಬೀಳುತ್ತದೆ. ಮರದ ಗೆರೆ, ಹಿತ್ತಾಳೆ, ರಂಗೋಲಿಯ ಪುಡಿ ಎಲ್ಲವೂ ಆ ಬೆಳಕಿನಲ್ಲಿ ಏಳುತ್ತವೆ. ಸ್ವಲ್ಪ ಮಂಜಿದ್ದರೆ ಇನ್ನೂ ಒಳ್ಳೆಯದು, ನೆರಳಿನ ಅಂಚು ಮೃದುವಾಗುತ್ತದೆ. ತಡ ಮಾಡಬೇಡಿ. ಬಿಸಿಲು ಏರಿದಂತೆ ಸಜ್ಜದ ನೆರಳು ಕೆಳಗಿಳಿಯುತ್ತದೆ. ಮೂರು ಅಡಿ ಮುಂದೆ ಚಾಚಿದ ಸಜ್ಜದ ನೆರಳು ಹತ್ತು ಗಂಟೆಯ ಹೊತ್ತಿಗೆ ಮೂರು ಅಡಿಯಷ್ಟು ಕೆಳಗೆ ಬಂದಿರುತ್ತದೆ. ಆಗ ತೋರಣ ಕತ್ತಲಲ್ಲಿ, ಹೊಸ್ತಿಲು ಬಿಸಿಲಲ್ಲಿ, ಬಾಗಿಲನ್ನು ಯಾರೋ ಅಡ್ಡಲಾಗಿ ಕತ್ತರಿಸಿದಂತೆ ಕಾಣುತ್ತದೆ.

ಇನ್ನೊಂದು, ಸೂರ್ಯ ಮುಳುಗಿದ ಹತ್ತು ನಿಮಿಷದ ನಂತರದ ಹದಿನೈದು ನಿಮಿಷ. ಆಗ ಬಾಗಿಲ ದೀಪದ ಬೆಳಕೂ ಆಕಾಶದ ಬೆಳಕೂ ಹತ್ತಿರ ಹತ್ತಿರ ಸಮಕ್ಕೆ ಬರುತ್ತವೆ. ಚಿತ್ರಕ್ಕೆ ಬೆಚ್ಚಗಿನ ಬಣ್ಣ ಬರುತ್ತದೆ. ಆದರೆ ಹಳದಿ ಬಲ್ಬಿನ ಜೊತೆಗೆ ಬಿಳಿ ಟ್ಯೂಬ್‌ಲೈಟ್ ಹಾಕಿದರೆ ಗೋಡೆ ಒಂದು ಕಡೆ ಹಸಿರುಗಟ್ಟಿದಂತೆ ಬರುತ್ತದೆ, ಯಾವುದಾದರೂ ಒಂದನ್ನೇ ಉಳಿಸಿಕೊಳ್ಳಿ. ಬೆಳಕು ಕಡಿಮೆ ಇರುವುದರಿಂದ ಕೈ ಅಲುಗಿದರೂ ಚಿತ್ರ ಕಲಸಿಹೋಗುತ್ತದೆ. ಮೊಬೈಲನ್ನು ಎತ್ತರದ ಸ್ಟೂಲಿನ ಮೇಲೆ ಆನಿಸಿ, ಟೈಮರ್ ಹಾಕಿ ತೆಗೆಯಿರಿ. ನಿಮ್ಮ ಬಾಗಿಲಿಗೆ ನಾನು ಬೆಳಗನ್ನೇ ಆರಿಸುತ್ತೇನೆ. ಪೂರ್ವದ ಬಾಗಿಲಿಗೆ ಬೆಳಗಿನ ಬಿಸಿಲು ಸಹಜವಾದದ್ದು, ಗಾಢ ಮರಕ್ಕೆ ಅಷ್ಟು ಬೆಳಕು ಬೇಕೂ ಬೇಕು.

ಮುನ್ನಾದಿನ ಸಂಜೆಯೇ ಹೊಸ್ತಿಲ ಮುಂದೆ ಗುಡಿಸಿ ತೊಳೆಸಿ. ಬಣ್ಣದ ಡಬ್ಬ, ಪೈಪಿನ ತುಂಡು, ಚಪ್ಪಲಿ ಒಂದೂ ಇರಬಾರದು. ಬೀಗದ ಹಿಡಿಗೆ ಅಂಟಿಸಿರುವ ಪ್ಲಾಸ್ಟಿಕ್ ಹಾಳೆ ಕಿತ್ತಿದೆಯೇ ನೋಡಿ, ನಿಮ್ಮ ಫೋಟೋದಲ್ಲಿ ಅದು ಹೊಳೆಯುತ್ತಿದೆ. ಮಾವಿನ ತೋರಣವನ್ನು ಅಂದಿನ ಬೆಳಿಗ್ಗೆಯೇ ಕಟ್ಟಿ, ಮಾರನೆಯ ದಿನಕ್ಕೆ ಎಲೆ ಸುರುಟಿಕೊಳ್ಳುತ್ತದೆ. ಇನ್ನೊಂದು ಸೂಕ್ಷ್ಮ: ಗಾಢ ಹಸಿರು ಎಲೆ ಗಾಢ ಮರದ ಮೇಲೆ ಬಿದ್ದರೆ ಫೋಟೋದಲ್ಲಿ ಎರಡೂ ಒಂದೇ ಕಪ್ಪು. ಎಲೆಗಳ ನಡುನಡುವೆ ಚೆಂಡುಹೂವು ಪೋಣಿಸಿದರೆ ತೋರಣ ತೋರಣವಾಗಿ ಕಾಣುತ್ತದೆ. ಮೇಲಿನ ಪಟ್ಟಿಯಲ್ಲಿ ಗಜಲಕ್ಷ್ಮಿಯ ಕೆತ್ತನೆ ಇರುವಂತೆ ಮಬ್ಬಾಗಿ ಕಾಣುತ್ತಿದೆ. ಹೌದಾದರೆ ತೋರಣ ಅದನ್ನು ಮುಚ್ಚದಂತೆ ಸ್ವಲ್ಪ ಇಳಿಸಿ ಕಟ್ಟಿ.

ಜೋಡಿ ಕದದಲ್ಲಿ ಒಂದನ್ನು ಒಳಕ್ಕೆ ಒಂದು ಗೇಣಿನಷ್ಟು ತೆರೆದಿಡಿ. ಎರಡೂ ಮುಚ್ಚಿದ್ದರೆ ಮನೆಯಲ್ಲಿ ಯಾರೂ ಇಲ್ಲವೆನ್ನಿಸುತ್ತದೆ, ಪೂರ್ತಿ ತೆರೆದರೆ ಒಳಗಿನ ಖಾಲಿ ಹಜಾರ ಕಾಣುತ್ತದೆ, ಅತ್ತೆಯವರಿಗೆ ಕೊಟ್ಟ ಮಾತೂ ತಪ್ಪುತ್ತದೆ. ಬಾಗಿಲಿನಿಂದ ಹನ್ನೆರಡು ಹದಿನೈದು ಅಡಿ ಹಿಂದೆ ನಿಂತು, ಮೊಬೈಲನ್ನು ಎದೆಯ ಎತ್ತರದಲ್ಲಿ ಉದ್ದಕ್ಕೆ ಹಿಡಿಯಿರಿ. ಹತ್ತಿರ ನಿಂತು `0.5x` ಒತ್ತಿದರೆ ಚೌಕಟ್ಟಿನ ಕಂಬಗಳು ಬಾಗುತ್ತವೆ. ತಲೆಯ ಎತ್ತರದಿಂದ ಮೊಬೈಲನ್ನು ಓರೆ ಮಾಡಿದರೆ ಬಾಗಿಲು ವಾಲಿದಂತೆ ಬರುತ್ತದೆ. ಚೌಕಟ್ಟಿನ ಎರಡು ಕಂಬಗಳೂ ಪರದೆಯ ಅಂಚಿಗೆ ಸಮನಾಗಿ ನಿಂತಿವೆಯೇ ಎಂದು ನೋಡಿಕೊಳ್ಳಿ, ಬೇರೆ ಲೆಕ್ಕ ಬೇಡ. ಕದದ ಮೇಲೆ ಬೆರಳಿಟ್ಟು ಒತ್ತಿದರೆ ಕ್ಯಾಮೆರಾ ಮರದ ಬೆಳಕಿಗೆ ಹೊಂದಿಕೊಳ್ಳುತ್ತದೆ. ಗೋಡೆ ಸ್ವಲ್ಪ ಹೆಚ್ಚು ಬೆಳ್ಳಗಾದರೂ ಚಿಂತೆಯಿಲ್ಲ. ಬಾಗಿಲಿನ ಮೇಲೋ ಪಕ್ಕದಲ್ಲೋ ಖಾಲಿ ಗೋಡೆ ಒಂದಿಷ್ಟು ಉಳಿಯಲಿ, ಅಕ್ಷರಕ್ಕೆ ಜಾಗ ಬೇಕು.

ಆ ಜಾಗದಲ್ಲಿ ಎಷ್ಟು ಬರೆಯಬೇಕು ಎನ್ನುವಲ್ಲಿಯೇ ಹೆಚ್ಚಿನವರು ಎಡವುವುದು. ನೀವು ಫೋಟೋ ಮೇಲೆ ಹತ್ತೊಂಬತ್ತು ಸಾಲು ಬರೆದಿದ್ದೀರಿ. ಅಂಗೈಯಗಲದ ಪತ್ರಿಕೆಯಲ್ಲಿ ಅದು ನಿಲ್ಲುತ್ತದೆ, ಮೂರು ಬೆರಳಗಲದ ಪರದೆಯಲ್ಲಿ ನಿಲ್ಲುವುದಿಲ್ಲ. ಅಕ್ಷರದ ಹಿಂದೆ ಮರದ ಗೆರೆ, ತೋರಣ, ಗೋಡೆಯ ಅಂಚು ಎಲ್ಲ ಇರುವುದರಿಂದ ಕಣ್ಣಿಗೆ ಹಿಡಿಯುವುದಿಲ್ಲ. ನಮ್ಮ ಲಿಪಿಗೆ ಒತ್ತಕ್ಷರದ ಲೆಕ್ಕ ಬೇರೆ ಇದೆ. ‘ಗೃಹಪ್ರವೇಶ’ ಎಂಬ ಒಂದೇ ಪದದಲ್ಲಿ ಎರಡು ಕಡೆ ಅಕ್ಷರ ಕೆಳಗಿಳಿಯುತ್ತದೆ. ಇಂಗ್ಲಿಷಿಗೆಂದು ಮಾಡಿದ ವಿನ್ಯಾಸದಲ್ಲಿ ಸಾಲುಗಳನ್ನು ಒತ್ತೊತ್ತಾಗಿ ಇಟ್ಟಿರುತ್ತಾರೆ, ಅಲ್ಲಿ ಕನ್ನಡ ತುಂಬಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ನಿಮ್ಮ ಚಿತ್ರದಲ್ಲಿ ಆಗಿರುವುದು ಅದೇ. ಸಾಲುಗಳ ನಡುವಿನ ಅಂತರವನ್ನು ಒಂದೂವರೆ ಪಟ್ಟಿಗೆ ಹೆಚ್ಚಿಸಿ. ಕೆಲವು ಆ್ಯಪ್‌ಗಳಲ್ಲಿ ಒತ್ತು ಕೆಳಗಿಳಿಯದೆ ‘ಗೃಹಪ್‌ರವೇಶ’ ಎಂದು ಒಡೆದು ಬೀಳುತ್ತದೆ. ಹಾಗಾದರೆ ಆ ಆ್ಯಪನ್ನೇ ಬಿಟ್ಟುಬಿಡಿ, ಅಕ್ಷರ ಬದಲಿಸಿ ಸರಿಹೋಗುವ ತೊಂದರೆ ಅದಲ್ಲ. ಪತ್ರಿಕೆ ಅಂಗಡಿಯವರು ಹಳೆಯ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಬರಹವನ್ನು ಹಾಗೇ ಮೊಬೈಲಿಗೆ ಅಂಟಿಸಿದರೂ ಅರ್ಥವಿಲ್ಲದ ಚಿಹ್ನೆಗಳ ಸಾಲು ಬರುತ್ತದೆ. ಅವರಿಂದ ಯುನಿಕೋಡ್‌ಗೆ ಬದಲಿಸಿದ ಬರಹವನ್ನೇ ಕೇಳಿ ಪಡೆಯಿರಿ.

ಫೋಟೋ ಮೇಲೆ ನಾನು ಬರೆಯುವುದು ಇಷ್ಟೇ:

> ಗೃಹಪ್ರವೇಶಕ್ಕೆ ಬನ್ನಿ
> ಫೆಬ್ರವರಿ 26, ಗುರುವಾರ
> ಹಾಸನ

ದಪ್ಪ ಅಕ್ಷರ, ಬಿಳಿ ಗೋಡೆಯ ಮೇಲೆ ಗಾಢ ಕುಂಕುಮ ಬಣ್ಣ. ಹೊಂಬಣ್ಣ ಪತ್ರಿಕೆಯಲ್ಲಿ ಚೆನ್ನ, ಏಕೆಂದರೆ ಅಲ್ಲಿ ಅದು ನಿಜವಾಗಿ ಹೊಳೆಯುತ್ತದೆ. ಪರದೆಯಲ್ಲಿ ಅದು ಬರೀ ಮಸುಕು ಕಂದು. ಮೂಲೆಗಳಲ್ಲಿ ಬಾಳೆಕಂಬ, ಕಲಶ, ದೀಪಗಳ ಚಿತ್ರ ಅಂಟಿಸಬೇಡಿ. ನಿಜವಾದ ತೋರಣ, ನಿಜವಾದ ರಂಗೋಲಿ ಚಿತ್ರದಲ್ಲಿಯೇ ಇವೆಯಲ್ಲ.

ಉಳಿದ ವಿವರವೆಲ್ಲ ಫೋಟೋದ ಕೆಳಗೆ ಟೈಪ್ ಮಾಡಿದ ಬರಹದಲ್ಲಿ ಹೋಗಲಿ. ಅಲ್ಲಿ ದೂರವಾಣಿ ಸಂಖ್ಯೆ ಒತ್ತಿದರೆ ಕರೆ ಹೋಗುತ್ತದೆ, ದಾರಿಯ ಕೊಂಡಿ ಒತ್ತಿದರೆ ನಕ್ಷೆ ತೆರೆಯುತ್ತದೆ. ಚಿತ್ರದೊಳಗೆ ಬರೆದ ಕೊಂಡಿ ಬರೀ ಗೆರೆ. ತಿದ್ದುಪಡಿಯ ವಿಷಯವೂ ಇದೆ. ಕೆಲವು ವರ್ಷಗಳ ಹಿಂದೆ ಒಬ್ಬರಿಗೆ ಮುಹೂರ್ತ, ವಿಳಾಸ ಎಲ್ಲವನ್ನೂ ಚಿತ್ರದೊಳಗೇ ಸೇರಿಸಿ ಕೊಟ್ಟಿದ್ದೆ. ಕಳುಹಿಸಿದ ಮರುದಿನ ಪುರೋಹಿತರು ಸಮಯವನ್ನು ಒಂದು ಗಂಟೆ ಮುಂಚೆಗೆ ತಂದರು. ಹೊಸ ಚಿತ್ರ ಮಾಡಿ ಕೊಟ್ಟೆ, ಆದರೆ ಹಳೆಯದು ಅಷ್ಟರಲ್ಲಿ ನೆಂಟರಿಂದ ನೆಂಟರಿಗೆ ಹೋಗಿಬಿಟ್ಟಿತ್ತು. ಎರಡೂ ನೋಡಲು ಒಂದೇ ಥರ. ಮನೆಯೊಡತಿಯ ಸೋದರಮಾವ ಹಳೆಯ ಚಿತ್ರ ನಂಬಿಕೊಂಡು ಬಂದಾಗ ಹಾಲು ಉಕ್ಕಿ ಮುಗಿದಿತ್ತು. ಆ ಮನೆಯವರು ಅದನ್ನು ಹೇಳಿದಾಗ ನನಗಾದ ಸಂಕಟ ಇನ್ನೂ ಮರೆತಿಲ್ಲ. ಅಂದಿನಿಂದ ಸಮಯವನ್ನು ಚಿತ್ರದೊಳಗೆ ಹಾಕುವುದಿಲ್ಲ. ಟೈಪ್ ಮಾಡಿದ ಬರಹವನ್ನಾದರೆ ವಾಟ್ಸ್ಆ್ಯಪ್‌ನಲ್ಲಿ ಹದಿನೈದು ನಿಮಿಷದೊಳಗೆ ತಿದ್ದಬಹುದು. ಅದು ದಾಟಿದರೆ ಸುಮಾರು ಎರಡು ದಿನದವರೆಗೆ ಎಲ್ಲರ ಬಳಿಯಿಂದ ಅಳಿಸಬಹುದು. ಆದರೆ ಅವರು ಬೇರೆಯವರಿಗೆ ಕಳುಹಿಸಿಬಿಟ್ಟದ್ದು ನಿಮ್ಮ ಕೈಯಲ್ಲಿಲ್ಲ.

ಇನ್ನು ಬರಹ. ನಿಮ್ಮದರ ನಡುಭಾಗ ಹೀಗಿದೆ: ‘ನೂತನವಾಗಿ ನಿರ್ಮಿಸಿರುವ ಗೃಹದ ಪ್ರವೇಶ ಮಹೋತ್ಸವವನ್ನು ಏರ್ಪಡಿಸಿರುವುದರಿಂದ ತಾವುಗಳು ಸಕುಟುಂಬ ಸಪರಿವಾರ ಸಮೇತರಾಗಿ ಆಗಮಿಸಿ, ಯಥೋಚಿತ ಸತ್ಕಾರ ಸ್ವೀಕರಿಸಿ, ಆಶೀರ್ವದಿಸಬೇಕಾಗಿ ಕೋರುವ’. ಈ ಸಾಲುಗಳನ್ನು ಸಾವಿರಾರು ಸಲ ಅಚ್ಚು ಹಾಕಿದವನು ನಾನು, ಹಗುರವಾಗಿ ಮಾತಾಡಲಾರೆ. ದೇವರ ಮುಂದೆ ಇಡುವ ಪತ್ರಿಕೆಯಲ್ಲಿ ಆ ಗಾಂಭೀರ್ಯಕ್ಕೆ ಬೆಲೆ ಇದೆ. ಆದರೆ ಅದು ಸಭೆಯನ್ನು ಉದ್ದೇಶಿಸಿದ ಭಾಷೆ. ‘ಸಕುಟುಂಬ’ ಎಂದರೇ ಕುಟುಂಬದೊಂದಿಗೆ ಎಂದಾಯಿತು, ‘ಸಪರಿವಾರ’ ಮತ್ತೊಮ್ಮೆ, ‘ಸಮೇತರಾಗಿ’ ಮೂರನೆಯ ಸಲ. ಮೂರು ಸಲ ‘ಜೊತೆಗೆ’ ಎಂದರೂ ಯಾರ ಜೊತೆಗೆ ಎಂದು ಕೇಳುವವರ ಮನಸ್ಸಿಗೆ ಬರುವುದಿಲ್ಲ. ‘ಅಜ್ಜಿಯನ್ನೂ ಕರೆದುಕೊಂಡು ಬನ್ನಿ’ ಎಂದರೆ ಬರುತ್ತದೆ. ಆತ್ಮೀಯತೆ ಬೇಕೆಂದು ವಿಶೇಷಣ ಸೇರಿಸುತ್ತ ಹೋಗಬೇಡಿ. ಓದುವವರಿಗೆ ಗೊತ್ತಿರುವ ವಸ್ತುವೊಂದನ್ನು ಹೆಸರಿಸಿ, ಅಷ್ಟಕ್ಕೇ ಮಾತು ಹತ್ತಿರವಾಗುತ್ತದೆ. ನಿಮ್ಮಲ್ಲಿ ಆ ವಸ್ತು ಬಾಗಿಲೇ.

ಮಾವನವರ ಕಡೆಯ ನೆಂಟರಿಗೆ ನಾನು ಹೀಗೆ ಬರೆಯುತ್ತೇನೆ:

> ಈ ಬಾಗಿಲನ್ನು ನೀವು ನೋಡಿದ್ದೀರಿ. ನಮ್ಮ ಊರಿನ ಮನೆಯದು. ಈಗ ಹಾಸನದ ಹೊಸ ಮನೆಗೆ ಬಂದು ನಿಂತಿದೆ.
>
> ಫೆಬ್ರವರಿ 26, ಗುರುವಾರ ಗೃಹಪ್ರವೇಶ. ಬೆಳಿಗ್ಗೆ 6-45ರಿಂದ 7-30ರೊಳಗೆ ಕುಂಭ ಲಗ್ನದಲ್ಲಿ ಹೊಸ್ತಿಲು ಪೂಜೆ, ಹಾಲು ಉಕ್ಕಿಸುವುದು. ಸತ್ಯನಾರಾಯಣ ಪೂಜೆ 10-30ಕ್ಕೆ. ಊಟ 12-30ರಿಂದ.
>
> ಹತ್ತಿರದವರು ಬೆಳಗಿನ ಪೂಜೆಗೇ ಬನ್ನಿ. ದೂರದಿಂದ ಬರುವವರು ಹಿಂದಿನ ರಾತ್ರಿಯೇ ಬಂದು ನಮ್ಮಲ್ಲಿ ಉಳಿಯಿರಿ; ಆಗದಿದ್ದರೆ ಊಟದ ಹೊತ್ತಿಗಾದರೂ ತಪ್ಪದೆ ಬನ್ನಿ. ಮನೆಯ ಹಿರಿಯರನ್ನು ಕರೆತನ್ನಿ, ಮೆಟ್ಟಿಲು ಎರಡೇ ಇವೆ, ಕುರ್ಚಿ ಹಾಕಿರುತ್ತೇವೆ.
>
> ಈ ಹೊಸ್ತಿಲನ್ನು ನೀವೆಲ್ಲ ಇನ್ನೊಮ್ಮೆ ದಾಟಬೇಕೆಂಬುದು ನಮ್ಮ ಆಸೆ.
>
> (ಅತ್ತೆ, ಮಾವನವರ ಹೆಸರು), ಮಗ, ಸೊಸೆ, ಮೊಮ್ಮಕ್ಕಳು
> ದಾರಿ: (ನಕ್ಷೆಯ ಕೊಂಡಿ). ದಾರಿ ಕೇಳಲು: (ಒಂದೇ ಸಂಖ್ಯೆ)

ಪೂಜೆಯ ಸಮಯ, ಮೆಟ್ಟಿಲು ಇವನ್ನೆಲ್ಲ ನಿಮ್ಮದಕ್ಕೆ ತಕ್ಕಂತೆ ತಿದ್ದಿಕೊಳ್ಳಿ. ನಾನು ಮೂರು ಸಮಯ ಬೇರೆ ಬೇರೆ ಕೊಟ್ಟಿರುವುದಕ್ಕೆ ಕಾರಣವಿದೆ. ಬರೀ ಮುಹೂರ್ತ ಬರೆದರೆ ಬೆಂಗಳೂರಿನವರು ‘ಆರೂಮುಕ್ಕಾಲಕ್ಕೆ ಹೇಗೆ ತಲುಪುವುದು’ ಎಂದು ಬರುವುದನ್ನೇ ಕೈಬಿಡುತ್ತಾರೆ. ಬರೀ ಊಟದ ಸಮಯ ಬರೆದರೆ ಪೂಜೆಗೆ ಇರಬೇಕಾದ ಸೋದರತ್ತೆಯೂ ಹನ್ನೆರಡಕ್ಕೆ ಬರುತ್ತಾರೆ. ಬರಹ ಉದ್ದವಾದರೆ ವಾಟ್ಸ್ಆ್ಯಪ್ ಅದನ್ನು `Read more` ಎಂದು ಮಡಚಿಡುತ್ತದೆ. ಆದ್ದರಿಂದ ದಿನಾಂಕ ಮೇಲಿನ ಸಾಲುಗಳಲ್ಲಿಯೇ ಇರಲಿ. ಸಂವತ್ಸರ, ಮಾಸ, ತಿಥಿಗಳನ್ನು ಅಚ್ಚಿನ ಪತ್ರಿಕೆಗೆ ಬಿಡಿ.

ನಿಮ್ಮ ಕಚೇರಿಯವರಿಗೆ, ತಾಯಿಯ ಕಡೆಯವರಿಗೆ ಇದೇ ಬರಹ ಕಳುಹಿಸಬೇಡಿ. ಅವರು ಆ ಬಾಗಿಲನ್ನು ನೋಡಿಲ್ಲ. ಅವರಿಗೆ ಮೊದಲ ಸಾಲು ಬದಲಾಗಲಿ: ‘ನಮ್ಮ ಅತ್ತೆ ಮದುವೆಯಾಗಿ ಬಂದಾಗ ದಾಟಿದ ಬಾಗಿಲು ಇದು. ಹೊಸ ಮನೆಗೂ ಇದನ್ನೇ ತಂದಿದ್ದೇವೆ.’ ಗುರುವಾರ ಕೆಲಸದ ದಿನ, ಅದಕ್ಕೆ ಸಹೋದ್ಯೋಗಿಗಳಿಗೆ ‘ಸಂಜೆ ಐದರ ಮೇಲೂ ಮನೆಯಲ್ಲಿರುತ್ತೇವೆ, ಬಂದು ಹೋಗಿ’ ಎಂಬ ಸಾಲು ಸೇರಿಸಿ. ಎರಡು ಬರಹ ಸಾಕು, ಚಿತ್ರ ಒಂದೇ.

ಕಳುಹಿಸುವ ಕ್ರಮದಲ್ಲಿ ಆಗುವ ತಪ್ಪಿನಿಂದಲೇ ಹೆಚ್ಚು ಮನಸ್ತಾಪ ಹುಟ್ಟುತ್ತದೆ. ಹತ್ತಿರದ ನೆಂಟರಿಗೆ, ಹಿರಿಯರಿಗೆ ಮೊದಲು ಫೋನಿನಲ್ಲಿ ಮಾತಾಡಿ, ಆ ಮೇಲೆ ಚಿತ್ರ ಕಳುಹಿಸಿ. ಚಿತ್ರ ಮೊದಲು ಹೋಗಿ, ಎರಡು ದಿನದ ಮೇಲೆ ‘ನೋಡಿದಿರಾ?’ ಎಂದು ಫೋನ್ ಮಾಡಿದರೆ ಅವರಿಗೆ ಅದು ಕರೆದಂತೆ ಆಗುವುದಿಲ್ಲ. ಅರಿಶಿನ ಕುಂಕುಮ ಕೊಟ್ಟು ಕರೆಯಬೇಕಾದ ಮನೆಗಳಿಗೆ ನೀವೇ ಹೋಗಲೇಬೇಕು. ಆ ಮನೆಗಳಿಗೂ ಮನೆದೇವರಿಗೂ ಸೇರಿ ಇಪ್ಪತ್ತೈದು ಪತ್ರಿಕೆ ಮಾಡಿಸಿ. ಡಿಜಿಟಲ್ ಮುದ್ರಣದಲ್ಲಿ ಪ್ಲೇಟ್ ಮಾಡುವ ಖರ್ಚಿಲ್ಲದಿರುವುದರಿಂದ ಕಡಿಮೆ ಪ್ರತಿಗಳನ್ನೂ ಮಾಡಿಕೊಡುತ್ತಾರೆ. ಮುದ್ರಣಕ್ಕೆ ವಾಟ್ಸ್ಆ್ಯಪ್‌ನಲ್ಲಿ ಬಂದ ಪ್ರತಿ ಕೊಡಬೇಡಿ, ಮೊಬೈಲಿನಲ್ಲಿರುವ ಮೂಲ ಫೋಟೋ ಕೊಡಿ. ಕಾಗದದ ಮೇಲೆ ಚಿತ್ರ ಪರದೆಗಿಂತ ಗಾಢವಾಗಿ ಬರುತ್ತದೆ ಎಂಬುದನ್ನು ನೆನಪಿಟ್ಟು ಸ್ವಲ್ಪ ಬೆಳಕು ಹೆಚ್ಚಿಸಲು ಹೇಳಿ.

ಸಕಲೇಶಪುರದ ಕಡೆ ತೋಟದವರಿದ್ದರೆ ಅವರಿಗೆ ಎಲ್ಲರಿಗಿಂತ ಮುಂಚೆ ತಿಳಿಸಿ. ಫೆಬ್ರವರಿಯಲ್ಲಿ ರೊಬಸ್ಟಾ ಕೊಯ್ಲು ನಡೆಯುತ್ತಿರುತ್ತದೆ, ಆಳುಗಳನ್ನು ಹೊಂದಿಸಿಕೊಂಡು ಬರಲು ಅವರಿಗೆ ಮೂರು ವಾರವಾದರೂ ಬೇಕು.

ಎಲ್ಲರಿಗೂ ಒಟ್ಟಿಗೆ ಕಳುಹಿಸಲು ಬ್ರಾಡ್‌ಕಾಸ್ಟ್ ಪಟ್ಟಿ ಮಾಡುವವರಿದ್ದಾರೆ. ಒಂದು ಪಟ್ಟಿಗೆ 256 ಜನರನ್ನು ಸೇರಿಸಬಹುದು. ಆದರೆ ನಿಮ್ಮ ಸಂಖ್ಯೆಯನ್ನು ತಮ್ಮ ಮೊಬೈಲಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಮಾವನವರ ಅಕ್ಕತಂಗಿಯರ ಬಳಿ ನಿಮ್ಮ ಸಂಖ್ಯೆ ಇಲ್ಲದಿದ್ದರೆ ಅವರಿಗೆ ಹೋಗುವುದೇ ಇಲ್ಲ, ಹೋಗಿಲ್ಲವೆಂದು ನಿಮಗೂ ಸುಲಭವಾಗಿ ಗೊತ್ತಾಗುವುದಿಲ್ಲ. ‘ನಮಗೆ ಹೇಳಲೇ ಇಲ್ಲ’ ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಇದೇ. ಅವರ ಕಡೆಯವರಿಗೆ ಮಾವನವರ ಮೊಬೈಲಿನಿಂದಲೇ, ಒಬ್ಬೊಬ್ಬರಿಗೆ, ಮೇಲೆ ‘ಅಕ್ಕ’, ‘ಭಾವ’ ಎಂದು ಸಂಬೋಧಿಸಿ ಕಳುಹಿಸಿ. ಚಿತ್ರ ಕಳುಹಿಸುವಾಗ `HD` ಆರಿಸಿಕೊಳ್ಳಿ, ಅಕ್ಷರದ ಅಂಚು ಒಡೆಯುವುದು ಕಡಿಮೆಯಾಗುತ್ತದೆ. ಪರದೆಯ ಚಿತ್ರ ತೆಗೆದು ಅದನ್ನೇ ಮತ್ತೆ ಕಳುಹಿಸುವುದು ಬೇಡ, ಪ್ರತಿ ಸಲವೂ ಚಿತ್ರ ಸವೆಯುತ್ತದೆ.

ದಾರಿಯ ಕೊಂಡಿಯ ಬಗ್ಗೆ ಎರಡು ಎಚ್ಚರ. ಹೊಸ ಬಡಾವಣೆಯಲ್ಲಿ ವಿಳಾಸ ಹುಡುಕಿ ಗುರುತು ಹಾಕಿದರೆ ಪಕ್ಕದ ಅಡ್ಡರಸ್ತೆಗೆ ಬೀಳುವುದುಂಟು. ಗೇಟಿನ ಮುಂದೆ ನಿಂತು ಗುರುತು ಹಾಕಿ, ಆ ಜಾಗ ಗೊತ್ತಿಲ್ಲದ ಒಬ್ಬರಿಗೆ ಕಳುಹಿಸಿ ಬರಲು ಹೇಳಿ. `Live location` ಕಳುಹಿಸಬೇಡಿ. ಅದು ಹೆಚ್ಚೆಂದರೆ ಎಂಟು ಗಂಟೆ ಇದ್ದು ಅಳಿಯುತ್ತದೆ, ತೋರಿಸುವುದೂ ಮನೆಯನ್ನಲ್ಲ, ನೀವು ಇರುವ ಜಾಗವನ್ನು.

ನಿಜವಾದ ಅಪಾಯವೊಂದಿದೆ, ದೃಷ್ಟಿಗಿಂತ ನಾನು ಅಂಜುವುದು ಅದಕ್ಕೆ. ಅಂದು ಬೆಳಿಗ್ಗೆ ಇಡೀ ಕುಟುಂಬ ಹೊಸ ಮನೆಯಲ್ಲಿರುತ್ತದೆ, ಈಗಿರುವ ಮನೆ ಖಾಲಿ. ಆ ದಿನದವರೆಗೆ ಹೊಸ ಮನೆಯಲ್ಲಿ ರಾತ್ರಿ ಯಾರೂ ಮಲಗುವುದಿಲ್ಲ, ನಲ್ಲಿ, ತಂತಿ, ಹಿತ್ತಾಳೆ ಸಾಮಾನೆಲ್ಲ ಅಲ್ಲಿರುತ್ತದೆ. ಆದ್ದರಿಂದ ಸ್ಟೇಟಸ್‌ನಲ್ಲೋ ದೊಡ್ಡ ಗುಂಪುಗಳಲ್ಲೋ ಹಾಕುವ ಚಿತ್ರದ ಜೊತೆ ಮನೆಯ ಗುರುತು, ಸಮಯ ಬೇಡ, ಅವು ಹೆಸರಿಟ್ಟು ಕರೆದವರಿಗೆ ಮಾತ್ರ. ಫೋಟೋದಲ್ಲಿ ವಿದ್ಯುತ್ ಮೀಟರಿನ ಸಂಖ್ಯೆ, ಗಾಡಿಯ ನಂಬರು ಕಾಣದಂತೆ ನೋಡಿ. ಗುಣಮಟ್ಟ ಉಳಿಯಲೆಂದು ಫೋಟೋವನ್ನು ಡಾಕ್ಯುಮೆಂಟ್ ಆಗಿ ಕಳುಹಿಸುವವರಿದ್ದಾರೆ. ಕ್ಯಾಮೆರಾದಲ್ಲಿ ಸ್ಥಳ ದಾಖಲಿಸುವ ಆಯ್ಕೆ ಚಾಲೂ ಇದ್ದರೆ ಮನೆಯ ನಿಖರ ಜಾಗವೂ ಆ ಕಡತದ ಜೊತೆಗೇ ಹೋಗುತ್ತದೆ. ಈಗಿರುವ ಮನೆಯಲ್ಲಿ ಆ ಬೆಳಿಗ್ಗೆ ಒಬ್ಬರನ್ನು ಇರಿಸಿ, ಅವರ ಪಾಲಿನ ತಿಂಡಿ ಅಲ್ಲಿಗೇ ಹೋಗಲಿ.

ಎಲ್ಲ ಸಿದ್ಧವಾದ ಮೇಲೆ ಮೊದಲ ಪ್ರತಿಯನ್ನು ನಿಮ್ಮ ತಾಯಿಯ ಮೊಬೈಲಿಗೆ ಕಳುಹಿಸಿ. ಚಿತ್ರವನ್ನು ಹಿಗ್ಗಿಸದೆ, ಮೊಬೈಲನ್ನು ಮೊಣಕೈ ದೂರದಲ್ಲಿ ಹಿಡಿದು ದಿನಾಂಕ ಓದಲು ಹೇಳಿ. ಅವರು ತಡವರಿಸಿದರೆ ಅಕ್ಷರ ಇನ್ನೊಂದು ಸುತ್ತು ದೊಡ್ಡದಾಗಬೇಕು. ಎರಡನೆಯ ಪ್ರತಿ ಅತ್ತೆಯವರಿಗೆ. ಅವರ ರಂಗೋಲಿಯ ಎಳೆಗಳು ಅದರಲ್ಲಿ ಬಿಡಿಬಿಡಿಯಾಗಿ ಕಾಣುತ್ತಿವೆಯೇ ಎಂದು ಅವರನ್ನೇ ಕೇಳಿ, ಸರಿ ಎಂದ ಮೇಲೆ ಉಳಿದವರಿಗೆ ಕಳುಹಿಸಿ.